ಏರಿದ ಬೆಲೆ, ತುಂಬಿದ ಚೀಲ

ಕಳೆದ ತಿಂಗಳು 20ನೇ ತಾರೀಖಿನ ಆಸುಪಾಸು, ಸಂಜೆ ಹೊತ್ತು, ನಮ್ಮ ಬೀದಿಯ ದಿನಸಿ ಅಂಗಡಿಯಲ್ಲಿ ಸಾಸಿವೆ ಕಟ್ಟಿಸಿಕೊಳ್ಳಲು ನಿಂತಿದ್ದೆ. ನನಗಿಂತ ಮುಂದೆ ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವಾಕೆ ನಿಂತಿದ್ದಳು. ಪಡಿತರದ ಅಕ್ಕಿ ಆಕೆಯ ಮನೆಯಲ್ಲಿ ತಿಂಗಳ ಮೂರನೇ ವಾರದ ತನಕ ಬರುತ್ತದೆ. ಆಮೇಲೆ ಅಂಗಡಿಯ ದಪ್ಪಕ್ಕಿಯೇ ಗತಿ. ಪ್ರತಿ ಸಲ 8 ಕಿಲೋ ಅಕ್ಕಿ, ಅರ್ಧ ಕಿಲೋ ತೊಗರಿಬೇಳೆ, ಒಂದು ಡಜನ್ ಮೊಟ್ಟೆ. ಅಂಗಡಿಯವನಿಗೆ ಅದು ಬಾಯಿಪಾಠ. ಆ ದಿನ ಅಕ್ಕಿ ಕಿಲೋಗೆ 42 ರೂಪಾಯಿ ಇದ್ದದ್ದು 48 ಆಗಿತ್ತು. ಆಕೆ ಒಂದು ಕ್ಷಣ ಬೆರಳೆಣಿಸಿ, 9 ಕಿಲೋ ಅಕ್ಕಿ ಹಾಕಿಸಿಕೊಂಡಳು.

ಅಂಗಡಿಯವನಿಗೆ ಸೋಜಿಗ. "ರೇಟು ಏರಿದೆ ಅಂತ ಈಗ ತಾನೇ ಬೈದೆಯಲ್ಲಮ್ಮ, ಮತ್ತೆ ಒಂದು ಕೆಜಿ ಜಾಸ್ತಿ?" ಎಂದ. ಆಕೆ ಚೀಲದ ಬಾಯಿ ಬಿಗಿಯುತ್ತಲೇ ಹೇಳಿದಳು: "ಮೊಟ್ಟೆ ಬಿಟ್ಟೆ ಅಣ್ಣ. ಬೇಳೆ ಕಾಲು ಕೆಜಿ ಸಾಕು. ಸಾರು ನೀರಾದ್ರೆ ಅನ್ನ ಜಾಸ್ತಿನೇ ಬೇಕಲ್ಲ."

ಮನೆಗೆ ಬಂದು ಸಾಸಿವೆಯ ಪೊಟ್ಟಣದ ಮೇಲೆಯೇ ಲೆಕ್ಕ ಹಾಕಿದೆ. ಹಿಂದಿನ ಸಲ ಅಕ್ಕಿಗೆ 336, ಬೇಳೆಗೆ 70, ಮೊಟ್ಟೆಗೆ 72, ಒಟ್ಟು 478 ರೂಪಾಯಿ. ಈ ಸಲ ಅಕ್ಕಿಗೆ 432, ಬೇಳೆಗೆ 35, ಒಟ್ಟು 467. ಹಿಂದಿನಂತೆಯೇ ಎಲ್ಲವನ್ನೂ ಒಯ್ದಿದ್ದರೆ 526 ಬೇಕಾಗುತ್ತಿತ್ತು. ಆ ಹೆಚ್ಚಿನ 48 ರೂಪಾಯಿ ಆಕೆಯ ಬಳಿ ಇರಲಿಲ್ಲ. ಹಾಗಾದರೆ ಎಲ್ಲಿ ಹಿಡಿತ ಮಾಡಬೇಕು? ಅಕ್ಕಿಯ ಬೆಲೆ ತಾನೇ ಏರಿದ್ದು, ಅಕ್ಕಿಯನ್ನೇ ಕಡಿಮೆ ಮಾಡಬೇಕಿತ್ತು ಎಂದು ನಮ್ಮ ಹೈಸ್ಕೂಲು ಮೇಷ್ಟರಾದರೆ ಹೇಳಿಯಾರು. ಆದರೆ ಬೆಲೆ ಏರಿದ ಮೇಲೂ ಹೊಟ್ಟೆ ತುಂಬಿಸುವುದರಲ್ಲಿ ಅಕ್ಕಿಯಷ್ಟು ಅಗ್ಗದ್ದು ಆ ಅಂಗಡಿಯಲ್ಲಿ ಬೇರೆ ಇರಲಿಲ್ಲ.

ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ ಎಂಬುದು ಅರ್ಥಶಾಸ್ತ್ರದ ಮೊದಲ ಪಾಠ. ಟೊಮೆಟೊ ಬೆಲೆ ಏರಿದ ವಾರ ನಾವೆಲ್ಲ ಹುಣಸೆಹಣ್ಣಿನ ಮೊರೆ ಹೋಗುತ್ತೇವಲ್ಲ, ಹಾಗೆ. ಈ ಪಾಠ ತಲೆಕೆಳಗಾಗುವ ಪ್ರಸಂಗವೊಂದುಂಟು ಎಂದು ಕೇಂಬ್ರಿಜ್‌ನ ಆಲ್ಫ್ರೆಡ್ ಮಾರ್ಷಲ್ ತಮ್ಮ ಪ್ರಸಿದ್ಧ ಪಠ್ಯದ 1895ರ ಮೂರನೇ ಆವೃತ್ತಿಯಲ್ಲಿ ಬರೆದರು. ಬ್ರೆಡ್ಡಿನ ಬೆಲೆ ಏರಿದಾಗ ಬಡ ಕೂಲಿಯ ಮನೆಗಳು ಮಾಂಸವನ್ನೂ ದುಬಾರಿ ತಿನಿಸುಗಳನ್ನೂ ಕೈಬಿಟ್ಟು ಬ್ರೆಡ್ಡನ್ನೇ ಇನ್ನಷ್ಟು ತಿನ್ನುತ್ತವೆ, ಏಕೆಂದರೆ ಆಗಲೂ ಅದೇ ಎಲ್ಲಕ್ಕಿಂತ ಅಗ್ಗ ಎಂಬುದು ಅವರ ಮಾತಿನ ಸಾರ. ಈ ಹೊಳಹಿನ ಶ್ರೇಯಸ್ಸನ್ನು ಮಾರ್ಷಲ್ ತಾವು ತೆಗೆದುಕೊಳ್ಳಲಿಲ್ಲ. ಸರ್ ರಾಬರ್ಟ್ ಗಿಫೆನ್ ಎಂಬ ಸ್ಕಾಟ್ಲೆಂಡಿನ ಅಂಕಿಅಂಶ ತಜ್ಞರಿಗೆ ಕೊಟ್ಟುಬಿಟ್ಟರು. ಅಂದಿನಿಂದ ಇಂಥ ವಸ್ತುವಿಗೆ 'ಗಿಫೆನ್ ಸರಕು' ಎಂದೇ ಹೆಸರು. ತಮಾಷೆಯೆಂದರೆ, ಗಿಫೆನ್ ಬರೆದದ್ದನ್ನೆಲ್ಲ ಆಮೇಲಿನ ಪಂಡಿತರು ಜಾಲಾಡಿದರೂ ಆ ಮಾತು ಅಲ್ಲಿ ಸಿಕ್ಕಲಿಲ್ಲ. ಬಹುಶಃ ಎಂದೋ ಬಾಯಿಮಾತಿನಲ್ಲಿ ಹೇಳಿದ್ದಿರಬೇಕು.

ಸಿಕ್ಕದೆ ಹೋದದ್ದು ಆ ಮಾತೊಂದೇ ಅಲ್ಲ, ಗಿಫೆನ್ ಸರಕು ಕೂಡ ಬಹುಕಾಲ ಯಾರ ಕಣ್ಣಿಗೂ ಬೀಳಲಿಲ್ಲ. ಉದಾಹರಣೆ ಬೇಕಿತ್ತು, ಪಠ್ಯಪುಸ್ತಕಗಳು ಐರ್ಲೆಂಡಿನ ಆಲೂಗಡ್ಡೆಯನ್ನು ಹಿಡಿದುಕೊಂಡವು. 1845ರಿಂದ ನಾಲ್ಕೈದು ವರ್ಷ ಅಲ್ಲಿ ಬರ. ಆಲೂಗಡ್ಡೆಯ ಬೆಲೆ ಏರಿತು, ಬಡವರು ಇನ್ನೂ ಹೆಚ್ಚು ಆಲೂಗಡ್ಡೆ ತಿಂದರು ಎಂಬ ಕಥೆ. ನಾನೂ ಕಾಲೇಜಿನಲ್ಲಿ ಇದನ್ನೇ ಬರೆದು ಅಂಕ ಗಿಟ್ಟಿಸಿದವನು. ಆದರೆ ನಿಧಾನವಾಗಿ ಯೋಚಿಸಿ ನೋಡಿ. ಆ ಬರ ಬಂದದ್ದೇ ಆಲೂಗಡ್ಡೆಯ ಬೆಳೆಗೆ ರೋಗ ತಗುಲಿ ಹೊಲದಲ್ಲೇ ಕೊಳೆತದ್ದರಿಂದ. ನಾಡಿನಲ್ಲಿ ಇಲ್ಲದ ಗಡ್ಡೆಯನ್ನು ನಾಡಿನ ಜನ ಮೊದಲಿಗಿಂತ ಹೆಚ್ಚು ತಿನ್ನುವುದು ಹೇಗೆ? ಈ ಸರಳ ಪ್ರಶ್ನೆ ಕೇಳುವ ಹೊತ್ತಿಗೆ ಎಷ್ಟೋ ತಲೆಮಾರಿನ ವಿದ್ಯಾರ್ಥಿಗಳು ಪಾಸಾಗಿ ಹೋಗಿದ್ದರು.

ನಿಜವಾದ ಸಾಕ್ಷ್ಯ ಸಿಕ್ಕಿದ್ದು ಈಚೆಗೆ, ಚೀನಾದಲ್ಲಿ. ರಾಬರ್ಟ್ ಜೆನ್ಸನ್ ಮತ್ತು ನೋಲನ್ ಮಿಲ್ಲರ್ ಎಂಬ ಇಬ್ಬರು 2006ರಲ್ಲಿ ಅಲ್ಲಿನ ಎರಡು ಪ್ರಾಂತ್ಯಗಳನ್ನು ಆರಿಸಿಕೊಂಡರು. ಒಂದು ದಕ್ಷಿಣದ ಹುನಾನ್, ಅಲ್ಲಿ ಅನ್ನವೇ ಮುಖ್ಯ. ಇನ್ನೊಂದು ಉತ್ತರದ ಗಾನ್ಸು, ಅಲ್ಲಿ ಗೋಧಿ. ಎರಡೂ ಕಡೆ ಪಟ್ಟಣದ ಬಡ ಮನೆಗಳು, ಒಟ್ಟು ಸುಮಾರು 1,300. ಬಡವರ ಅಕ್ಕಿಯ ಬೆಲೆಯನ್ನು ಪ್ರಯೋಗಕ್ಕೆಂದು ಏರಿಸುವುದು ಯಾರಿಗೂ ಒಪ್ಪುವ ಕೆಲಸವಲ್ಲ. ಅವರು ಇಳಿಸಿದರು. ಕೆಲವು ಮನೆಗಳಿಗೆ ಚೀಟಿ ಕೊಟ್ಟರು. ಅಂಗಡಿಯಲ್ಲಿ ಆ ಚೀಟಿ ತೋರಿಸಿದರೆ ಪ್ರತಿ 'ಜಿನ್'ಗೆ, ಅಂದರೆ ಅರ್ಧ ಕಿಲೋಗೆ, 0.10 ಅಥವಾ 0.20 ಅಥವಾ 0.30 ಯುವಾನ್ ರಿಯಾಯಿತಿ. ಆಗ ಹುನಾನ್‌ನಲ್ಲಿ ಅರ್ಧ ಕಿಲೋ ಅಕ್ಕಿಗೆ ಸುಮಾರು 1.2 ಯುವಾನ್ ಇದ್ದದ್ದರಿಂದ ಈ ರಿಯಾಯಿತಿ ಸಣ್ಣದೇನಲ್ಲ. ಚೀಟಿ ಐದು ತಿಂಗಳು ನಡೆಯಿತು, ಆಮೇಲೆ ನಿಂತಿತು. ಇನ್ನು ಕೆಲವು ಮನೆಗಳಿಗೆ ಚೀಟಿಯನ್ನೇ ಕೊಡಲಿಲ್ಲ, ಹೋಲಿಕೆಗೆ ಅವು ಬೇಕಿದ್ದವು.

ಈ ಪ್ರಯೋಗದಲ್ಲಿ ನನಗೆ ಮೆಚ್ಚಿಗೆಯಾದದ್ದು ಒಂದು ಎಚ್ಚರ. ಅವರು ಅಂಗಡಿಯ ಲೆಕ್ಕ ನೋಡಲಿಲ್ಲ, ಅಡುಗೆಮನೆಯ ಲೆಕ್ಕ ನೋಡಿದರು. ಚೀಟಿ ಕೊಡುವ ಮೊದಲು ಒಮ್ಮೆ, ಕೊಟ್ಟಿರುವಾಗ ಒಮ್ಮೆ, ನಿಲ್ಲಿಸಿದ ಮೇಲೆ ಒಮ್ಮೆ ಮನೆಮನೆಗೆ ಹೋಗಿ, ಹಿಂದಿನ ದಿನ ಮನೆಯಲ್ಲಿ ಯಾರು ಯಾರು ಏನೇನು ಎಷ್ಟೆಷ್ಟು ತಿಂದರು ಎಂದು ಬರೆದುಕೊಂಡರು. ಅಗ್ಗಕ್ಕೆ ಸಿಕ್ಕಿತೆಂದು ಕೊಂಡು ಡಬ್ಬಿಯಲ್ಲಿ ತುಂಬಿಟ್ಟ ಅಕ್ಕಿ ಹೀಗಾಗಿ ಲೆಕ್ಕಕ್ಕೆ ಸೇರಲಿಲ್ಲ. ನಮ್ಮಲ್ಲಿ ಚಿನ್ನದ ಬೆಲೆ ಏರಿದಷ್ಟೂ ಆಭರಣದಂಗಡಿಯಲ್ಲಿ ನೂಕುನುಗ್ಗಲು ಕಾಣುತ್ತೇವೆ, ಈರುಳ್ಳಿ ಏರತೊಡಗಿದರೆ ಎರಡು ಕಿಲೋ ಬೇಕಾದವರು ಐದು ಕಿಲೋ ಒಯ್ಯುತ್ತಾರೆ. ಅದನ್ನು ಕಂಡು ಇಗೋ ಗಿಫೆನ್ ಎನ್ನುವಂತಿಲ್ಲ. ನಾಳೆ ಇನ್ನೂ ಏರೀತು ಎಂಬ ಅಂಜಿಕೆ ಅಲ್ಲಿ ಕೊಳ್ಳಿಸುತ್ತದೆ, ಇಂದಿನ ಬೆಲೆಯಲ್ಲ. ಏರುವುದಿಲ್ಲ ಎಂದು ಖಾತ್ರಿಯಾದ ದಿನ ಆ ಸಾಲು ತಾನಾಗಿ ಕರಗುತ್ತದೆ.

ಹುನಾನ್‌ನಲ್ಲಿ ಕಂಡದ್ದು ಇದು: ಅಕ್ಕಿ ಅಗ್ಗವಾದಾಗ ಆ ಮನೆಗಳು ಅನ್ನವನ್ನು ಕಡಿಮೆ ಉಂಡವು. ಚೀಟಿ ನಿಂತು ಅಕ್ಕಿ ಮತ್ತೆ ಹಳೆಯ ಬೆಲೆಗೆ ಬಂದಾಗ ಹೆಚ್ಚು ಉಂಡವು. ಬೆಲೆಯಲ್ಲಿ ನೂರಕ್ಕೆ ಒಂದರಷ್ಟು ಏರಿಕೆಯಾದರೆ ಉಣ್ಣುವ ಅನ್ನ ಸುಮಾರು ಕಾಲು ಶೇಕಡದಷ್ಟು ಏರುತ್ತಿತ್ತು. ಸಣ್ಣ ಸಂಖ್ಯೆ, ಆದರೆ ಏರಬೇಕಾದ ಕಡೆ ಏರದೆ ಇಳಿಯಬೇಕಾದ ಕಡೆ ಏರಿದ ಸಂಖ್ಯೆ. ಗೋಧಿಯ ಗಾನ್ಸುವಿನಲ್ಲಿ ಮಾತ್ರ ಸಾಕ್ಷ್ಯ ಇಷ್ಟು ಗಟ್ಟಿಯಾಗಿ ನಿಲ್ಲಲಿಲ್ಲ. ಪ್ರಯೋಗದ ವಿವರ 2008ರಲ್ಲಿ ಪ್ರಕಟವಾಯಿತು. ಮಾರ್ಷಲ್ ಬರೆದ ನೂರಕ್ಕೂ ಹೆಚ್ಚು ವರ್ಷಗಳ ಮೇಲೆ.

ಇದರೊಳಗೆ ಇನ್ನೊಂದು ಸೂಕ್ಷ್ಮವಿದೆ. ಹುನಾನ್‌ನ ಮನೆಗಳಲ್ಲೂ ತೀರಾ ಕಡುಬಡವರಲ್ಲಿ, ಅಂದರೆ ಉಂಡದ್ದರಲ್ಲಿ ಐದನೇ ನಾಲ್ಕು ಪಾಲಿಗಿಂತ ಹೆಚ್ಚು ಅನ್ನವೇ ಆಗಿದ್ದವರಲ್ಲಿ, ಈ ತಲೆಕೆಳಗಿನ ವರ್ತನೆ ಕಾಣಲಿಲ್ಲ. ಬೆಲೆ ಏರಿದರೆ ಅವರು ಅನ್ನವನ್ನೇ ಕಡಿಮೆ ಮಾಡಿದರು. ಏಕೆಂಬುದಕ್ಕೆ ಒಂದು ಮನೆಲೆಕ್ಕ ಹಾಕೋಣ, ಪೆನ್ಸಿಲ್ ಹಿಡಿಯುವುದೇನೂ ಬೇಡ.

ಒಬ್ಬಂಟಿ ಕೂಲಿಯವನಿದ್ದಾನೆ ಎನ್ನಿ. ತಿಂಗಳಿಗೆ 60 ಊಟ ಬೇಕು, ಊಟಕ್ಕೆಂದು ಇರುವುದು 800 ರೂಪಾಯಿ. ಬರಿ ಅನ್ನ-ಸಾರಿನ ಊಟಕ್ಕೆ 10 ರೂಪಾಯಿ, ಮೀನಿನ ಊಟಕ್ಕೆ 20. ಅವನಿಗೂ ನಾಲಗೆ ಇದೆ. ಆದಷ್ಟು ಮೀನು ತಿನ್ನಬೇಕೆಂಬ ಆಸೆ. 40 ಅನ್ನದ ಊಟ, 20 ಮೀನಿನ ಊಟ ಮಾಡಿದರೆ ಹಣವೂ ಸರಿ, ಹೊಟ್ಟೆಯೂ ಸರಿ. ಈಗ ಅನ್ನದ ಊಟ 12 ರೂಪಾಯಿ ಆಯಿತು. ಮೀನಿನದು ಇದ್ದಂತೆಯೇ ಇದೆ ಎಂದುಕೊಳ್ಳೋಣ. ಹಳೆಯ ಪದ್ಧತಿಯಲ್ಲೇ ಉಂಡರೆ 880 ಬೇಕು, 80 ಕಮ್ಮಿ ಬೀಳುತ್ತದೆ. ಒಂದು ಮೀನಿನ ಊಟ ಬಿಟ್ಟು ಅನ್ನದ ಊಟ ಮಾಡಿದರೆ ಉಳಿಯುವುದು 8 ರೂಪಾಯಿ. ಹಾಗೆ ಹತ್ತು ಸಲ ಬಿಡಬೇಕು. ಕೊನೆಗೆ 50 ಅನ್ನದ ಊಟ, 10 ಮೀನಿನ ಊಟ. ಅನ್ನದ ಬೆಲೆ ಏರಿತು, ಅವನು ಉಣ್ಣುವ ಅನ್ನವೂ ಏರಿತು. ಅವನು ಮೂರ್ಖನಲ್ಲ, ಅನ್ನದ ಮೇಲೆ ಮೋಹ ಹುಟ್ಟಿದ್ದೂ ಅಲ್ಲ. ಒಂದು ಬೆಲೆ ಏರಿದ್ದರಿಂದ ಅವನು ಮೊದಲಿಗಿಂತ ಬಡವನಾದ, ಬಡವನಾದವನು ಬಡವರ ಊಟಕ್ಕೆ ಇಳಿದ, ಅಷ್ಟೇ. ಅರ್ಥಶಾಸ್ತ್ರದವರು ಇದನ್ನು ಆದಾಯ ಪರಿಣಾಮ ಎನ್ನುತ್ತಾರೆ. ಟೊಮೆಟೊ ಬಿಟ್ಟು ಹುಣಸೆಹಣ್ಣಿಗೆ ಹೋಗುವುದು ಬದಲಿ ಪರಿಣಾಮ. ನಮ್ಮ ನಿಮ್ಮ ಮನೆಯಲ್ಲಿ ಸಾಮಾನ್ಯವಾಗಿ ಬದಲಿ ಗೆಲ್ಲುತ್ತದೆ. ಟೊಮೆಟೊ ಏರಿದ್ದಕ್ಕೆ ನಾವೇನೂ ಬಡವರಾಗುವುದಿಲ್ಲ.

ಅದೇ ಅನ್ನದ ಊಟ 16 ರೂಪಾಯಿ ಆಯಿತೆನ್ನಿ. ಈಗ ಬಿಡಲು ಮೀನೇ ಇಲ್ಲ. 800 ರೂಪಾಯಿಗೆ ಅನ್ನದ ಊಟವೊಂದೇ, ಅದೂ 50. ಉಳಿದ ಹತ್ತು ಹೊತ್ತು ತಣ್ಣೀರು. ಬೆಲೆ ಇನ್ನೂ ಏರಿದರೆ ಅನ್ನ ಇನ್ನೂ ಕಡಿಮೆಯಾಗುತ್ತದೆ, ಅರ್ಥಶಾಸ್ತ್ರದ ಮೊದಲ ಪಾಠ ಮತ್ತೆ ಸರಿಯಾಗುತ್ತದೆ. ಪಾಠ ಸರಿಯಾಗುವ ಹೊತ್ತಿಗೆ ಮನುಷ್ಯ ಉಪವಾಸ ಬಿದ್ದಿರುತ್ತಾನೆ. ಗಿಫೆನ್ ಸರಕು ಕಾಣಸಿಗುವುದು ನಮ್ಮ ನಿಮ್ಮ ಮನೆಗೂ ಈ ಉಪವಾಸಕ್ಕೂ ನಡುವಿನ ಇಕ್ಕಟ್ಟಿನ ಪಟ್ಟಿಯಲ್ಲಿ ಮಾತ್ರ: ತಟ್ಟೆಯ ಅಂಚಿನಲ್ಲಿ ಬಿಟ್ಟುಕೊಡಲು ಏನೋ ಒಂದಿಷ್ಟು ಇರಬೇಕು, ಅದನ್ನು ಬಿಡದೆ ವಿಧಿಯೂ ಇರಬಾರದು. ಜೊತೆಗೆ ಹೊಟ್ಟೆ ತುಂಬಿಸುವ ಧಾನ್ಯ ಆ ಊರಿನಲ್ಲಿ ಒಂದೇ ಆಗಿರಬೇಕು. ಅಕ್ಕಿ ಏರಿದರೆ ರಾಗಿ, ರಾಗಿ ಏರಿದರೆ ಜೋಳ ಎಂದು ಜಾರಿಕೊಳ್ಳಲು ದಾರಿಯಿದ್ದರೆ ಈ ಆಟ ನಡೆಯದು.

ಬೆಲೆ ಏರಿದರೂ ಚೀಲ ತುಂಬುವ ಇನ್ನೊಂದು ಓಣಿ ಊರಿನ ಆ ತುದಿಯಲ್ಲಿದೆ. ಅಲ್ಲಿಯ ಗೊತ್ತುಗುರಿಗಳೇ ಬೇರೆ. 1899ರಲ್ಲಿ ಥೋರ್‌ಸ್ಟೈನ್ ವೆಬ್ಲೆನ್ ಎಂಬ ಅಮೆರಿಕದ ವ್ಯಂಗ್ಯಪ್ರಿಯ ವಿದ್ವಾಂಸರು ವಿರಾಮಜೀವಿಗಳ ವರ್ಗದ ಬಗ್ಗೆ ಒಂದು ಪುಸ್ತಕ ಬರೆದರು. ಅದರಲ್ಲಿ ಒಂದು ಚಮಚದ ವಿಚಾರ ಬರುತ್ತದೆ. ಕೈಯಿಂದ ಬಡಿದು ಮಾಡಿದ ಬೆಳ್ಳಿ ಚಮಚಕ್ಕೆ 10ರಿಂದ 20 ಡಾಲರ್. ಯಂತ್ರದಿಂದ ಬಂದ ಅಲ್ಯುಮಿನಿಯಂ ಚಮಚಕ್ಕೆ 10ರಿಂದ 20 ಸೆಂಟ್, ಅಂದರೆ ನೂರರಲ್ಲೊಂದು ಪಾಲು. ಪಾಯಸ ಬಾಯಿಗೆ ಹೋಗುವುದು ಎರಡರಿಂದಲೂ ಒಂದೇ ರೀತಿ. ಆದರೂ ಬೆಳ್ಳಿಯದೇ ಚೆಂದ ಎಂದು ಕಣ್ಣು ಹೇಳುತ್ತದೆ. ಆ ಚೆಂದದಲ್ಲಿ ದೊಡ್ಡ ಪಾಲು ಬೆಲೆಯದೇ ಎಂಬುದು ವೆಬ್ಲೆನ್ನರ ಚುಚ್ಚುಮಾತು. ಇಂಥ ವಸ್ತುವಿನ ಬೆಲೆ ಇಳಿಸಿ ನೋಡಿ, ಅದರ ಚೆಂದವೇ ಇಳಿದುಹೋಗುತ್ತದೆ.

ಅಲ್ಯುಮಿನಿಯಂನ ಹೆಸರು ಬಂದದ್ದರಿಂದ ಒಂದು ಮಾತು. ವೆಬ್ಲೆನ್ 'ಕೀಳು ಲೋಹ' ಎಂದು ಉದಾಹರಿಸಿದ ಈ ಲೋಹ, ಅವರು ಹುಟ್ಟುವ ಹೊತ್ತಿಗೆ ಅರಮನೆಯ ಲೋಹವಾಗಿತ್ತು. 1850ರ ದಶಕದಲ್ಲಿ ಫ್ರಾನ್ಸಿನ ಚಕ್ರವರ್ತಿ ಮೂರನೇ ನೆಪೋಲಿಯನ್ನನ ಮಗುವಿಗೆ ಅಲ್ಯುಮಿನಿಯಂ ಗಿಲಕಿ ಮಾಡಿಕೊಟ್ಟಿದ್ದರು. 1884ರಲ್ಲಿ ವಾಷಿಂಗ್ಟನ್ ಸ್ಮಾರಕ ಸ್ತಂಭದ ತುತ್ತತುದಿಗೆ ಇಟ್ಟ ಕಳಶವೂ ಇದೇ ಲೋಹದ್ದು. ಆಗ ಅದಕ್ಕೆ ಹತ್ತಿರ ಹತ್ತಿರ ಬೆಳ್ಳಿಯ ಬೆಲೆ. ಎರಡೇ ವರ್ಷದಲ್ಲಿ, 1886ರಲ್ಲಿ, ಅದಿರಿನಿಂದ ವಿದ್ಯುತ್ತಿನ ಬಲದಿಂದ ಅದನ್ನು ಬೇರ್ಪಡಿಸುವ ಅಗ್ಗದ ಉಪಾಯವನ್ನು ಅಮೆರಿಕದ ಚಾರ್ಲ್ಸ್ ಹಾಲ್ ಮತ್ತು ಫ್ರಾನ್ಸಿನ ಪಾಲ್ ಎರೂ ಬೇರೆ ಬೇರೆಯಾಗಿ ಕಂಡುಹಿಡಿದರು. ಬೆಲೆ ಕುಸಿಯಿತು. ಅದೇ ಹೊಳಪು, ಅದೇ ಹಗುರ, ತುಕ್ಕು ಹಿಡಿಯದ ಅದೇ ಗುಣ. ರಾಜಕುಮಾರನ ಗಿಲಕಿಯಾಗಿದ್ದದ್ದು ನಮ್ಮ ಅಟ್ಟದ ಮೇಲಿನ ಸೊಟ್ಟಗಾದ ಪಾತ್ರೆಯಾಯಿತು. ಅನ್ನ ಬಸಿಯಲು ನಮ್ಮಮ್ಮ ಬಳಸುತ್ತಿದ್ದ ಆ ಪಾತ್ರೆಯನ್ನು ನೆಂಟರು ಬಂದಾಗ ಹಿತ್ತಲಿಗೆ ಸರಿಸಿಬಿಡುತ್ತಿದ್ದರು.

ವೆಬ್ಲೆನ್ನರ ಮಾತಿಗೆ ಅರ್ಥಶಾಸ್ತ್ರದ ಲೆಕ್ಕದ ಅಂಗಿ ತೊಡಿಸಿದವರು ಹಾರ್ವೆ ಲೈಬೆನ್‌ಸ್ಟೈನ್, 1950ರಲ್ಲಿ. ಅವರು ಮಾಡಿದ ಒಂದು ವಿಂಗಡಣೆ ನಮ್ಮಂಥ ಸಂಸಾರಸ್ಥರಿಗೆ ಥಟ್ಟನೆ ಅರ್ಥವಾಗುವಂಥದ್ದು. ಇಂಥ ವಸ್ತುವಿಗೆ ಬೆಲೆ ಒಂದಲ್ಲ, ಎರಡು. ನಾವು ಕೊಟ್ಟ ಬೆಲೆ ಒಂದು. ನಾವು ಕೊಟ್ಟಿರಬಹುದು ಎಂದು ಉಳಿದವರು ಎಣಿಸಿದ ಬೆಲೆ ಇನ್ನೊಂದು. ಮೊದಲನೆಯದು ಏರಿದರೆ ಎಲ್ಲರಂತೆ ನಾವೂ ಹಿಂದೆಗೆಯುತ್ತೇವೆ. ಎರಡನೆಯದು ಏರಿದರೆ ಮುಂದೆ ನುಗ್ಗುತ್ತೇವೆ. ಎರಡೂ ಕೂಡಿಯೇ ಏರುವಾಗ ಎರಡನೆಯದರ ಎಳೆತ ಹೆಚ್ಚಾದರೆ, ಆಗ ಮಾತ್ರ ಬೆಲೆಯ ಜೊತೆ ಬೇಡಿಕೆಯೂ ಏರುತ್ತದೆ.

ಹೋದ ವರ್ಷ ನಮ್ಮ ನೆಂಟರ ಮದುವೆಮನೆಯಲ್ಲಿ ಇದನ್ನು ಕಣ್ಣಾರೆ ಕಂಡೆ. ನಮ್ಮನೆಯಾಕೆಯ ಚಿಕ್ಕಮ್ಮ ಉಟ್ಟಿದ್ದ ಜರಿ ಸೀರೆಯ ಸೆರಗನ್ನು ಎರಡು ಬೆರಳಲ್ಲಿ ಹಿಡಿದು ಒಬ್ಬರು ಕೇಳಿದರು: "ಇಪ್ಪತ್ತೈದು ಸಾವಿರ ಆಗಿರಬೇಕಲ್ವೇ ಚಿಕ್ಕಮ್ಮ?" ಚಿಕ್ಕಮ್ಮ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. "ಏನೋ ಮಕ್ಕಳು ಕೊಡಿಸಿದ್ದು" ಎಂದು ನಕ್ಕರು. ಆಷಾಢದ ರಿಯಾಯಿತಿಯಲ್ಲಿ ಅದು ಹದಿನಾಲ್ಕಕ್ಕೆ ಬಂದದ್ದು ನಮ್ಮಿಬ್ಬರಿಗೆ ಗೊತ್ತಿತ್ತು. ಅದೇ ಸೀರೆಗೆ ಅಂಗಡಿಯವನು ರಿಯಾಯಿತಿ ಕೊಡದೆ, ಅಸಲು ಬೆಲೆಯನ್ನೇ ಹದಿನಾಲ್ಕು ಎಂದು ಗಾಜಿನ ಹಿಂದೆ ಬರೆದು ತೂಗುಹಾಕಿದ್ದರೆ ಚಿಕ್ಕಮ್ಮ ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲವೆಂದು ನನ್ನ ಅಂದಾಜು. ಚೀಟಿಯ ಮೇಲೆ ಹಳೆಯ ಬೆಲೆಯನ್ನು ಓದುವಂತೆಯೇ ಉಳಿಸಿ ಅದರ ಮೇಲೆ ಕೆಂಪು ಗೀಟು ಎಳೆಯುವ ವ್ಯಾಪಾರಿಗೆ ಲೈಬೆನ್‌ಸ್ಟೈನ್ ಹೆಸರು ಗೊತ್ತಿರಲಿಕ್ಕಿಲ್ಲ. ವಿಷಯ ಗೊತ್ತಿದೆ. ಚಿಕ್ಕಮ್ಮನ ಮೇಲೆ ನನಗೆ ಕೋಪವೇನೂ ಬರಲಿಲ್ಲ ಬಿಡಿ. ನನ್ನ ಕೈಗಡಿಯಾರದ ಬಗ್ಗೆ ಕೇಳಿದವರಿಗೆ ನಾನೂ ಹೀಗೆಯೇ ನಕ್ಕಿದ್ದುಂಟು.

ಒಂದು ಷರತ್ತು ಹೇಳಬೇಕು. ದುಬಾರಿಯಾದದ್ದೆಲ್ಲ ಹೆಚ್ಚು ಮಾರಾಟವಾದರೆ ಅದು ವೆಬ್ಲೆನ್ ಸರಕು ಎನ್ನಲಾಗದು. ಹಣವಂತರ ಸಂಖ್ಯೆಯೇ ಬೆಳೆದಿರಬಹುದು. ಬೆಲೆ ಹೆಚ್ಚಿದ್ದರೆ ಗುಣವೂ ಹೆಚ್ಚು ಎಂದು ಪ್ರಾಮಾಣಿಕವಾಗಿ ನಂಬಿದವರಿರಬಹುದು. ಪರೀಕ್ಷೆ ಒಂದೇ: ಆ ವಸ್ತುವನ್ನು ಯಾರಿಗೂ ಕಾಣದಂತೆ ಬಳಸಬೇಕು ಎಂದರೆ ಅದಕ್ಕೆ ಅಷ್ಟೇ ಹಣ ಕೊಡುತ್ತೀರಾ? ಹಲ್ಲುಜ್ಜುವ ಬ್ರಷ್ಷಿನಲ್ಲಿ ಪ್ರತಿಷ್ಠೆ ಮೆರೆಸುವವರು ಕಡಿಮೆ; ಕಾರಿನಲ್ಲಿ, ಕೈಚೀಲದಲ್ಲಿ, ಮದುವೆಯ ಆಮಂತ್ರಣ ಪತ್ರಿಕೆಯಲ್ಲಿ ಹೆಚ್ಚು.

ಕೆಲವು ದಿನಗಳಿಂದ ಈ ಎರಡು ಓಣಿಗಳನ್ನು ಜೊತೆಗಿಟ್ಟು ನೋಡುತ್ತಿದ್ದೇನೆ. ಕಾಗದದ ಮೇಲೆ ಗೀಟು ಎಳೆದರೆ ಎರಡೂ ಒಂದೇ ಕಡೆಗೆ ಏರುತ್ತವೆ. ಒಬ್ಬಾಕೆ ಬೆಲೆ ಏರಿದ್ದನ್ನು ಬೈಯುತ್ತ ಹೆಚ್ಚು ಕೊಳ್ಳುತ್ತಾಳೆ, ಇನ್ನೊಬ್ಬರು ಏರಿದ ಬೆಲೆಯನ್ನೇ ಕೊಳ್ಳುತ್ತಾರೆ. ನಮ್ಮ ರಾಗಿ ಒಂದು ಜನ್ಮದಲ್ಲೇ ಈ ಓಣಿಯಿಂದ ಆ ಓಣಿಗೆ ನಡೆದುಹೋಗುತ್ತಿದೆ. ನಾನು ಹುಡುಗನಾಗಿದ್ದಾಗ ನಮ್ಮ ಸೀಮೆಯಲ್ಲಿ ದಿನದ ಊಟಕ್ಕೆ ರಾಗಿ ಮುದ್ದೆ, ಹಬ್ಬಕ್ಕೋ ನೆಂಟರಿಗೋ ಅಕ್ಕಿ ಅನ್ನ. ಕೈ ಬಿಗಿಯಾದ ವರ್ಷ ಮೊದಲು ತಪ್ಪುತ್ತಿದ್ದದ್ದು ಅನ್ನ. ಅಜ್ಜಿ ಅಕ್ಕಿಯ ಮಡಕೆಯ ಬಾಯಿಗೆ ಬಟ್ಟೆ ಕಟ್ಟಿ, ಮುದ್ದೆಯನ್ನು ಒಂದು ಸುತ್ತು ದೊಡ್ಡದಾಗಿ ಕಟ್ಟುತ್ತಿದ್ದರು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದ ಮೇಲಂತೂ ನಗರದ ದೊಡ್ಡ ಮಳಿಗೆಗಳಲ್ಲಿ ಅದೇ ರಾಗಿ ಸೊಗಸಾದ ಕಾಗದದ ಪೊಟ್ಟಣದಲ್ಲಿ ಕೂತಿದೆ, ಬಿಡಿ ರಾಗಿಯ ಎಷ್ಟೋ ಪಟ್ಟು ಬೆಲೆಗೆ. ಆರೋಗ್ಯಕ್ಕೆಂದು ಕೊಳ್ಳುವವರು ಅನೇಕರು, ನಿಜ. ಆದರೆ ಆ ಪೊಟ್ಟಣವನ್ನು ಅಡುಗೆಮನೆಯ ಕಪಾಟಿನಲ್ಲಿ ಎದುರಿಗೇ ಕಾಣುವಂತೆ ಇಡುವುದೇಕೆ ಎಂದು ನನ್ನನ್ನೇ ಕೇಳಿಕೊಂಡೆ. ನಮ್ಮ ಮನೆಯಲ್ಲೂ ಅದು ಅಲ್ಲಿಯೇ ಇದೆ.

ಹುನಾನ್‌ನ ಚೀಟಿಯ ಕಥೆಯಲ್ಲಿ ಹೇಳದೆ ಬಿಟ್ಟ ಒಂದು ತುಣುಕಿದೆ. ಅಕ್ಕಿ ಅಗ್ಗವಾದ ಆ ಐದು ತಿಂಗಳಲ್ಲಿ ಆ ಬಡವರ ಮೈಗೆ ಸೇರುವ ಶಕ್ತಿ ಹೆಚ್ಚಿತೇ ಎಂದು ಅದೇ ಇಬ್ಬರು ಆಮೇಲೆ ಲೆಕ್ಕ ಹಾಕಿದರು. ಹೆಚ್ಚಿದ ಕುರುಹು ಸಿಗಲಿಲ್ಲ. ಉಳಿದ ದುಡ್ಡಿನಲ್ಲಿ ಅವರು ಅನ್ನ ಸರಿಸಿ ರುಚಿಯಾದದ್ದನ್ನು ತಿಂದಿದ್ದರು. ಹಾಗಾದರೆ ರಿಯಾಯಿತಿ ವ್ಯರ್ಥವಾಯಿತು ಎಂದು ಮೇಜಿನ ಹಿಂದೆ ಕೂತವರಿಗೆ ಅನ್ನಿಸುವುದು ಸಹಜ. ಪೋಷಣೆಯ ಕೋಷ್ಟಕ ಇಟ್ಟುಕೊಂಡರೆ ಅದು ನಿಜವೂ ಹೌದು. 2013ರಲ್ಲಿ ನಮ್ಮ ರಾಜ್ಯದಲ್ಲಿ ಕಿಲೋಗೆ ಒಂದು ರೂಪಾಯಿಯಂತೆ ಅನ್ನಭಾಗ್ಯದ ಅಕ್ಕಿ ಬಂದಾಗ, ಅದರಿಂದ ಉಳಿದ ದುಡ್ಡನ್ನು ಬಡವರು ಏನು ಮಾಡುತ್ತಾರೆ ನೋಡಿ ಎಂದು ಬೆಳಗಿನ ನಡಿಗೆಯ ಗೆಳೆಯರ ಮುಂದೆ ಮಾತಾಡಿದವರಲ್ಲಿ ನಾನೂ ಒಬ್ಬ. ಮೂರು ಹೊತ್ತೂ ಬಗೆಬಗೆಯಾಗಿ ಉಂಡವನ ಮಾತದು.

ಮೊನ್ನೆ ಅಡುಗೆಮನೆಯಲ್ಲಿ ನಮ್ಮನೆಯಾಕೆ ಮೊಟ್ಟೆಯ ಟ್ರೇ ಬಿಚ್ಚುತ್ತಿದ್ದಾಗ ಪಾತ್ರೆ ತೊಳೆಯುವಾಕೆಗೆ ಅಂಗಡಿಯ ಸಂಗತಿ ಕೇಳಿದೆ: "ಅಕ್ಕಿ ರೇಟು ಇಳೀತಂತೆ ಕಣಮ್ಮ, ಗೊತ್ತಾಯ್ತಾ?" ಆಕೆ ಬೋಗುಣಿ ಕವುಚಿಟ್ಟು, ಸೆರಗಿಗೆ ಕೈ ಒರೆಸಿಕೊಂಡಳು. "ಗೊತ್ತಾಯ್ತು ಸಾರ್. ಎಂಟು ಕೆಜಿನೇ ತಂದೆ. ಚಿಕ್ಕೋನು ಒಂದು ತಿಂಗಳಿಂದ ಮೊಟ್ಟೆ ಮೊಟ್ಟೆ ಅಂತಿದ್ದ, ನಿನ್ನೆ ಬೇಯಿಸಿ ಕೊಟ್ರೆ ಬಿಳೀದೆಲ್ಲ ಸುತ್ತ ತಿಂದು, ಹಳದೀನ ಕೊನೇಲಿ ತಿಂತೀನಿ ಅಂತ ತಟ್ಟೆ ಮೂಲೇಲಿ ಇಟ್ಕೊಂಡು ಕೂತಿದ್ದ" ಎಂದಳು.